ಮಾಪಕ ಇದ್ದದ್ದೇ ಸಾಕಾ, ತಿದ್ದಬೇಕಾ, ಹೊಸದಾ? ಶನಿವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಪ್ರಬಂಧಕ್ಕೆ ಪ್ರಶ್ನಾವಳಿ ಬಳಸುತ್ತಿರುವವರು ಶನಿವಾರ ಸಂಜೆ 6ರೊಳಗೆ ನಿಮ್ಮ ನಿರ್ಧಾರವನ್ನು ಇಲ್ಲಿ ಹಾಕಿ. ಕನ್ನಡದಲ್ಲಿ ಉತ್ತರ ಪಡೆಯುವವರು ಮುಂದಿನದನ್ನು ತಪ್ಪದೆ ಓದಿ.

ಮೊದಲು ನಿಮ್ಮ ಪರಿಕಲ್ಪನೆಯ ವ್ಯಾಖ್ಯೆಯನ್ನು ಎರಡು ಸಾಲಲ್ಲಿ ಬರೆದು, ಮಾಪಕದ ಒಂದೊಂದು ಹೇಳಿಕೆಯನ್ನೂ ಅದರ ಎದುರಿಗಿಟ್ಟು ನೋಡಿ. ಎಲ್ಲವೂ ಹೊಂದಿದರೆ ಇದ್ದ ಹಾಗೇ ಬಳಸಿ. ಅನುಮತಿ ಬೇಕೇ ಎಂದು ಈಗಲೇ ವಿಚಾರಿಸಿ.

ರೋಸೆನ್‌ಬರ್ಗ್ ಆತ್ಮಗೌರವ ಮಾಪಕವನ್ನೇ (1965) ತೆಗೆದುಕೊಳ್ಳಿ. 10 ಹೇಳಿಕೆಗಳು, ಅರ್ಧ ನಕಾರಾತ್ಮಕ. ‘ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ’ ಎಂಬ ಅರ್ಥದ 8ನೆಯದು ಮೂಲದಲ್ಲಿ ಕೊರತೆಯ ಸೂಚನೆ. ಅನುವಾದದಲ್ಲಿ ಅದು ಒಳ್ಳೆಯ ಹಂಬಲದಂತೆ ಕೇಳಿಸಿ, ಆತ್ಮಗೌರವ ಚೆನ್ನಾಗಿರುವವರೂ ‘ಒಪ್ಪುತ್ತೇನೆ’ ಎಂದುಬಿಡುತ್ತಾರೆ. ಹಲವು ಭಾಷೆಗಳಲ್ಲಿ ಹೀಗಾಗಿದೆ. ಅಂಕ ತಿರುಗಿಸಿದ ಮೇಲೂ ಉಳಿದ 9ರ ಮೊತ್ತದೊಂದಿಗೆ ಅದರ ಸಹಸಂಬಂಧ ಸೊನ್ನೆಯ ಹತ್ತಿರವೋ ಋಣವೋ ಬಂದರೆ ಇದೇ ಕಾರಣವಿರಬಹುದು. (ತಿರುಗಿಸಲು ಮರೆತರೂ ಹಾಗೇ ಬರುತ್ತದೆ, ಅದನ್ನು ಮೊದಲು ನೋಡಿ.)

ಆಗ ಥಟ್ಟನೆ ಕಿತ್ತುಹಾಕಬೇಡಿ. ಇಬ್ಬರಿಂದ ಬೇರೆಬೇರೆಯಾಗಿ ಅನುವಾದ, ಮೂಲ ನೋಡದ ಒಬ್ಬರಿಂದ ಮರು ಅನುವಾದ ಮಾಡಿಸಿ. ಬಳಿಕ 8–10 ಜನರ ಮುಂದೆ ಓದಿ, ‘ಇದರಿಂದ ನಿಮಗೇನು ಅರ್ಥವಾಯಿತು?’ ಎಂದು ಕೇಳಿ. ಕೊನೆಗೂ ಕೈಬಿಟ್ಟರೆ ಅದು ಅಳವಡಿಕೆ: ಮೂಲದ ವಿಶ್ವಾಸಾರ್ಹತೆಯನ್ನು ಉಲ್ಲೇಖಿಸಿದರೆ ಸಾಲದು, ನಿಮ್ಮ ದತ್ತಾಂಶದಲ್ಲೇ ಮತ್ತೆ ತೋರಿಸಬೇಕು.

ವ್ಯಾಖ್ಯೆಯ ಮುಖ್ಯ ಭಾಗವೇ ಯಾವ ಮಾಪಕದಲ್ಲೂ ಇಲ್ಲದಿದ್ದರೆ ಮಾತ್ರ ಹೊಸದು. ಅದಕ್ಕೆ ತಜ್ಞರ ಪರಿಶೀಲನೆ, ಸುಮಾರು 200 ಜನರ ಪ್ರತ್ಯೇಕ ಸುತ್ತು ಬೇಕು. ಎಂ.ಎ. ಅವಧಿಯಲ್ಲಿ ಕಷ್ಟ.

ಮಾಪಕದ ಹೆಸರು, ನಿರ್ಧಾರ, ಅನುಮಾನವಿರುವ ಒಂದು ಹೇಳಿಕೆ, ಇಷ್ಟು ಕಳಿಸಿ.