ಮೀಟರು ಕಂಡದ್ದು ಉಪ್ಪನ್ನು, ಕೆಸರನ್ನಲ್ಲ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಮೊನ್ನೆಯ ಸಭೆಯಲ್ಲಿ ನೀವು ಪೆನ್ನಿನಂತಹ ಮೀಟರನ್ನು ನದಿ ನೀರಿಗೆ ಅದ್ದಿ, ಅದು ತೋರಿಸಿದ 138 ಅನ್ನು ಎಲ್ಲರಿಗೂ ಓದಿ ಹೇಳಿದಿರಿ. ‘ಟಿಡಿಎಸ್ ಮಿತಿ 500, ನೀರು ಕುಡಿಯಲು ಯೋಗ್ಯ’ ಎಂದಿರಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಘನವಸ್ತುಗಳ ಒಟ್ಟು ಪ್ರಮಾಣ. ಓದಿದ ಅಂಕಿ ಸರಿಯಾಗಿತ್ತು, ಅದರಿಂದ ತೆಗೆದ ತೀರ್ಮಾನ ತಪ್ಪಾಗಿತ್ತು. ಆಗ ಲೋಟದಲ್ಲಿದ್ದ ನೀರು ಚಹಾದ ಬಣ್ಣಕ್ಕಿತ್ತು ಎಂಬುದನ್ನು ನೀವೂ ನೋಡಿದ್ದೀರಿ.

ಆ ಮೀಟರು ಟಿಡಿಎಸ್ ಅಳೆಯುವುದೇ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು, ಅಂದರೆ ವಾಹಕತೆಯನ್ನು ಅಳೆದು, ಒಂದು ಗುಣಕದಿಂದ ಗುಣಿಸುತ್ತದೆ. ಅದೇ ನೀರಿನಲ್ಲಿ ನನ್ನ ವಾಹಕತಾಮಾಪಕ 25 ಡಿಗ್ರಿಗೆ ಹೊಂದಿಸಿ ತೋರಿಸಿದ್ದು ಸೆಂಟಿಮೀಟರಿಗೆ 230 ಮೈಕ್ರೋಸೀಮೆನ್ಸ್. ಅದನ್ನು 0.6ರಿಂದ ಗುಣಿಸಿದರೆ ನಿಮ್ಮ 138 ಬರುತ್ತದೆ. ಗುಣಕ 0.5 ಇರುವ ಮೀಟರು 115 ಎನ್ನುತ್ತಿತ್ತು, 0.7 ಇರುವುದು 161 ಎನ್ನುತ್ತಿತ್ತು. ನಿಖರವಾಗಿ ತಿಳಿಯಬೇಕಿದ್ದರೆ ನೀರನ್ನು ಸೋಸಿ, ಆವಿಯಾಗಿಸಿ, ಉಳಿದದ್ದನ್ನು 180 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಆದರೆ ಇಲ್ಲಿ ಆ ವ್ಯತ್ಯಾಸದಿಂದ ಏನೂ ಬದಲಾಗದು, ಮೂರೂ 500ಕ್ಕಿಂತ ಬಹಳ ಕೆಳಗಿವೆ.

ಬದಲಾಗುವುದು ಬೇರೆ ಕಡೆ. ವಿದ್ಯುತ್ತನ್ನು ಒಯ್ಯುವುದು ಕರಗಿದ ಲವಣ. ತೇಲುವ ಮಣ್ಣಿನ ಕಣ ಹೆಚ್ಚುಕಡಿಮೆ ಒಯ್ಯುವುದೇ ಇಲ್ಲ. ಮಳೆ ಬಂದಾಗ ನದಿಯ ಲವಣ ತೆಳುವಾಗಿ ಕೆಸರು ಹೆಚ್ಚುವುದರಿಂದ, ನೀರು ಕೆಟ್ಟಂತೆಲ್ಲ ಈ ಅಂಕಿ ಸುಧಾರಿಸುವುದೂ ಉಂಟು. ಕೆಸರಿಗೆ ಬೇಕಾದದ್ದು ಟರ್ಬಿಡಿಟಿ ಮಾಪಕ: ಸೀಸೆಯೊಳಗೆ ಬೆಳಕು ಹಾಯಿಸಿ, 90 ಡಿಗ್ರಿ ಪಕ್ಕಕ್ಕೆ ಚದುರಿದ ಬೆಳಕನ್ನು ಎನ್‌ಟಿಯು ಎಂಬ ಏಕಮಾನದಲ್ಲಿ ಅಳೆಯುವ ಉಪಕರಣ.

ಟರ್ಬಿಡಿಟಿಯನ್ನೂ ಅಳೆಸಿದ್ದೇವೆ, 4 ಬಂದಿದೆ ಎಂದು ನಿಮ್ಮ ಪಕ್ಕದಲ್ಲಿದ್ದ ಅಧಿಕಾರಿ ಹೇಳಿದರು. ನನಗೂ 4 ಬಂದಿತು, ಬಾಟಲಿಯನ್ನು ರಾತ್ರಿಯಿಡೀ ಅಲುಗಾಡಿಸದೆ ಇಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡಾಗ. ಅದೇ ಬಾಟಲಿಯನ್ನು ನಾಲ್ಕೈದು ಬಾರಿ ಮೆಲ್ಲಗೆ ತಲೆಕೆಳಗು ಮಾಡಿ, ಗುಳ್ಳೆಗಳು ಹೋಗುವಷ್ಟು ಹೊತ್ತು ಕಾದು, ಸೀಸೆಯ ಮೇಲಿನ ಬೆರಳಚ್ಚು ಒರೆಸಿ ಅಳೆದಾಗ ಬಂದದ್ದು 38. ಗುಳ್ಳೆಯೂ ಬೆರಳಚ್ಚೂ ಅಂಕಿಯನ್ನು ಸುಳ್ಳೇ ಏರಿಸುತ್ತವೆ, ಹಾಗಾಗಿ ಮೂರು ಬಾರಿ ಅಳೆದೆ.

ಇನ್ನು ಮಿತಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಲ್ಲಿ ಟರ್ಬಿಡಿಟಿಗೆ ಸ್ವೀಕಾರಾರ್ಹ ಮಿತಿ 1 ಎನ್‌ಟಿಯು. 5 ಎಂಬುದು ಬೇರೆ ಜಲಮೂಲವೇ ಇಲ್ಲದಾಗ ಸಹಿಸಿಕೊಳ್ಳುವ ಮಿತಿ. ಅಧಿಕಾರಿಯ 4 ಕೂಡ ಮೊದಲನೆಯದನ್ನು ದಾಟಿದೆ, 38ರ ಮಾತು ಬಿಡಿ. ಕ್ಲೋರಿನ್ ಹಾಕಿದರೆ ಸಾಕು ಎನ್ನುವಂತೆಯೂ ಇಲ್ಲ: ಕಣಗಳ ಮರೆಯಲ್ಲಿರುವ ರೋಗಾಣುಗಳಿಗೆ ಅದು ಸರಿಯಾಗಿ ತಾಗುವುದಿಲ್ಲ. ವಾಹಕತೆ, ಟಿಡಿಎಸ್, ಟರ್ಬಿಡಿಟಿ ಮೂರರ ಅಂಕಿಯೂ ಚೆನ್ನಾಗಿದ್ದರೂ ರೋಗಾಣು ಪರೀಕ್ಷೆ ಬೇರೆಯೇ ಆಗಬೇಕು.

ಮುಂದಿನ ವರದಿಯಲ್ಲಿ ಟರ್ಬಿಡಿಟಿಯ ಅಂಕಿಯ ಪಕ್ಕದಲ್ಲಿ ಎರಡು ವಿಷಯ ಬರೆಸಿ: ನೀರು ತುಂಬಿಸಿ ಎಷ್ಟು ಗಂಟೆಯ ನಂತರ ಅಳೆದರು, ಅಳೆಯುವ ಮುನ್ನ ಬಾಟಲಿಯನ್ನು ಕಲಕಿದರೇ ಇಲ್ಲವೇ.

ಇಂತಿ,
ಅದೇ ನೀರನ್ನು ಅಳೆದ ಒಬ್ಬ ಮತದಾರ