ಮೊದಲ ವಾದ ಪ್ರಬಂಧಕ್ಕೆ ಕೂತ ಅನುವಿಗೆ

ಚಿ. ಅನುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನೇ ಆರಿಸಿಕೊಂಡಿದ್ದೀಯ, ಸಂತೋಷ. ಆದರೆ ನಿನ್ನ ಥೀಸಿಸ್ ವಾಕ್ಯ ನೋಡು: ‘ಬಸವಣ್ಣನವರು ಮಹಾನ್ ಸಮಾಜ ಸುಧಾರಕರು.’ ಇದಕ್ಕೆ ಯಾರು ಇಲ್ಲ ಅಂತಾರೆ? ಎದುರು ಮಾತೇ ಇಲ್ಲದ ಕಡೆ ವಾದ ಎಲ್ಲಿಂದ ಬರಬೇಕು?

ಫೋನಿನಲ್ಲಿ ನೀನು ಹೇಳಿದ್ದು ಇದಕ್ಕಿಂತ ವಾಸಿ: ‘ಬಸವಣ್ಣ ದೇವಸ್ಥಾನ ಬೇಡ ಅಂದರು.’ ಇದನ್ನು ಒಪ್ಪದವರು ಸಿಗುತ್ತಾರೆ. ತೊಂದರೆ ಅಂದರೆ ವಚನವೇ ಪೂರ್ತಿ ಒಪ್ಪುವುದಿಲ್ಲ. ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸ ಅನ್ನುತ್ತದೆ. ಗುಡಿಯೇ ಬೇಡ ಅನ್ನುವವರು ಕಳಸ ಯಾಕೆ ಇಡುತ್ತಾರೆ? ಈ ಪ್ರಶ್ನೆಯಿಂದಲೇ ನಿನ್ನ ವಾಕ್ಯ ಹುಟ್ಟಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಈ ವಚನ ಕಲ್ಲಿನ ಗುಡಿಯನ್ನು ಬಿಡುತ್ತದೆ, ಆದರೆ ಗುಡಿಯನ್ನೇ ಬಿಡುವುದಿಲ್ಲ, ದುಡ್ಡಿಲ್ಲದವನ ಮೈಯಲ್ಲೇ ಅದನ್ನು ಕಟ್ಟುತ್ತದೆ.’

ಒಂದು ಎಚ್ಚರಿಕೆ. ಧರ್ಮದ ವಿಷಯ ಬಂದಾಗ ಎಲ್ಲರೂ ಜಾರುವ ಜಾಗ ಇದು. ‘ದೇವರಿಗೆ ಭಕ್ತನ ದೇಹವೇ ಹೆಚ್ಚು ಇಷ್ಟ’ ಅಂತ ಬರೆಯಬೇಡ. ಅದು ನಂಬಿಕೆ, ಹಾಳೆಯ ಮೇಲೆ ಸಾಬೀತು ಮಾಡಲಾಗದು. ದೇವರಿಗೆ ಏನು ಇಷ್ಟ ಅನ್ನುವುದನ್ನು ಬಿಟ್ಟು, ವಚನ ಏನು ಹೇಳುತ್ತದೆ ಅನ್ನುವುದರ ಮೇಲೆ ವಾದಿಸು. ಆಗ ಭಕ್ತರೂ, ನಾಸ್ತಿಕರೂ ನಿನ್ನ ಜೊತೆ ಅದೇ ಸಾಲುಗಳನ್ನು ನೋಡಿ ಜಗಳ ಆಡಬಹುದು.

ಇನ್ನು ಪ್ಯಾರಾಗಳ ಮೊದಲ ವಾಕ್ಯ. ‘ಬಸವಣ್ಣ 12ನೇ ಶತಮಾನದವರು’ ಅಂತ ಶುರು ಮಾಡಿದ್ದೀಯ. ಅದು ಮಾಹಿತಿ, ಸುಮ್ನೆ ಕೂತಿದೆ. ‘ವಚನದ ನಡುವೆ ಕಂಬ, ಕಳಸ ಬರುತ್ತವೆ’ ಅನ್ನುವುದೂ ಅಷ್ಟೇ, ಕಂಡದ್ದನ್ನು ಹೇಳಿತು, ನಿನ್ನ ವಾದವನ್ನು ಮುಂದೆ ತಳ್ಳಲಿಲ್ಲ. ಅದನ್ನೇ ಹೀಗೆ ತಿರುಗಿಸು: ‘ಮೈಯ ಅಂಗಗಳಿಗೆ ಗುಡಿಯ ಭಾಗಗಳ ಹೆಸರನ್ನೇ ಕೊಡುವುದರಿಂದ, ವಚನಕ್ಕೆ ಗುಡಿ ಇನ್ನೂ ಬೇಕಾಗಿದೆ ಎಂದು ತಿಳಿಯುತ್ತದೆ.’ ಈಗ ಕಂಬ, ಕಳಸ ನಿನ್ನ ಸಾಕ್ಷಿಗಳಾದವು. ಅದಕ್ಕೂ ಮುಂಚಿನ ಪ್ಯಾರಾಗೆ ‘ಉಳ್ಳವರು’, ‘ಬಡವ’ ಎಂಬ ಎರಡು ಪದಗಳಿವೆ: ‘ವಚನದ ಮೊದಲ ತಕರಾರು ಕಲ್ಲಿನ ಮೇಲಲ್ಲ, ಕಟ್ಟಿಸುವ ಹಣದ ಮೇಲೆ.’

ಕೊನೆಯ ಸಾಲನ್ನು ನೀನು ಮುಟ್ಟಿಯೇ ಇಲ್ಲ, ಹೆದರಿದೆ ಅಲ್ವಾ? ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.’ ನಿಂತದ್ದು ಅಳಿಯುತ್ತದೆ, ನಡೆದಾಡುವುದು ಅಳಿಯುವುದಿಲ್ಲ ಅಂತ. ಗುಡಿಯನ್ನು ಪೂರ್ತಿ ತಳ್ಳಿಹಾಕಿದರು ಅನ್ನುವವರಿಗೆ ಇದೇ ದೊಡ್ಡ ಆಸರೆ. ಆ ಮಾತನ್ನು ನೀನೇ ಎತ್ತಿ ಉತ್ತರ ಕೊಡು: ‘ಸ್ಥಾವರ ಅಳಿಯುತ್ತದೆ ಎಂಬ ಮಾತು ನಿಂತ ಗುಡಿಗೆ ಮಾತ್ರ ಅನ್ವಯಿಸುತ್ತದೆ, ನಡೆದಾಡುವ ಗುಡಿಯನ್ನು ಇದೇ ಸಾಲು ಉಳಿಸಿಕೊಳ್ಳುತ್ತದೆ.’ ಈ ಪ್ಯಾರಾಗೆ ಜಾಸ್ತಿ ಜಾಗ ಕೊಡು.

ಬರೆದಾದ ಮೇಲೆ ಥೀಸಿಸ್ ಮತ್ತು ಈ ಮೂರು ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ, ನಿನ್ನ ಅಪ್ಪನಿಗೆ ಓದಿ ಹೇಳು. ಅವನಿಗೆ ವಾದ ಅರ್ಥವಾಗದೇ ಹೋದರೆ ಯಾವ ವಾಕ್ಯದಲ್ಲಿ ದಾರಿ ತಪ್ಪಿತು ಅಂತ ಕೇಳಿ, ಅಲ್ಲಿಂದ ತಿದ್ದು. ಭಾನುವಾರದೊಳಗೆ ನನಗೂ ಕಳಿಸು.

ನಿನ್ನ ದೊಡ್ಡಮ್ಮ