ಆ ಹಾರ್ಟ್ ಬಗ್ಗೆ ಇನ್ನೊಂದು ಮಾತು, ಪುಟ್ಟಿ

ಪುಟ್ಟಿ,

ಬೆಳಿಗ್ಗೆ ನೀನು ಹೇಳದೆ ಹೊರಟುಬಿಟ್ಟೆ. ಬಾಗಿಲು ಹಾಕಿದ ಸದ್ದಿಗೆ ನನಗೆ ಎಚ್ಚರವಾಯಿತು. ತಪ್ಪು ನನ್ನದೇ. ನೀನು ನಂಬಿ, ಆ ಹುಡುಗನ ಮೆಸೇಜ್ ತೆಗೆದು ಫೋನ್ ಕೈಗೆ ಕೊಟ್ಟು, "ನೀನೇ ನೋಡಿ ಹೇಳಪ್ಪಾ, ಅವನಿಗೂ ಇಷ್ಟ ಇದೆ ಅಲ್ವಾ?" ಅಂತ ಕೇಳಿದ್ದೆ. ನಾನು ನಿನ್ನ ತಮ್ಮನ ಎದುರಿಗೇ "ಅವನಿಗೆ ಏನೂ ಇಲ್ಲ, ಬಿಡು" ಅಂದುಬಿಟ್ಟೆ. ಅವನ ಮನಸ್ಸಲ್ಲಿ ಏನಿದೆ ಅಂತ ನನಗೇನು ಗೊತ್ತು? ಫೋನಿನಲ್ಲಿ ನನಗೆ ಕಂಡಿದ್ದನ್ನಷ್ಟೇ ಹೇಳಬೇಕಿತ್ತು. ಅದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಿನ್ನ ಹಲ್ಲುನೋವಿನ ವಿಷಯ. ನೀನು ಹಾಸ್ಟೆಲ್‌ಗೆ ಸೇರಿದ ಮೊದಲ ವರ್ಷ. ರಾತ್ರಿಯೆಲ್ಲ ನಿದ್ದೆ ಇಲ್ಲ, ದವಡೆ ಊದಿದೆ, ಭಯ ಆಗ್ತಿದೆ ಅಂತ ಉದ್ದಕ್ಕೆ ಬರೆದಿದ್ದೆ. ನಾನು ಕೆಲಸದ ನಡುವೆ ಓದಿ "ಸರಿ" ಅಂತ ಕಳಿಸಿದೆ. ಕಳಿಸಿ ಡಾಕ್ಟರಿಗೆ ಫೋನ್ ಮಾಡಿದೆ, ನಿನ್ನ ವಾರ್ಡನ್‌ಗೂ ಮಾಡಿದೆ. ನೀನು 4 ದಿನ ನನಗೆ ಮೆಸೇಜ್ ಮಾಡಲಿಲ್ಲ. ರಜೆಗೆ ಬಂದಾಗ, "ಆ 'ಸರಿ'ಯನ್ನ ಎಷ್ಟು ಸಲ ಓದಿದೆ ಗೊತ್ತಾ ಅಪ್ಪಾ, ನಿನಗೆ ಕೋಪ ಬಂದಿದೆ ಅಂದ್ಕೊಂಡೆ" ಅಂದೆ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ನಾನು ಯಾರಿಗೆ ಬರೆದರೂ ಅಷ್ಟೇ ಬರೆಯುವವನು. ನಿನ್ನ ಅಮ್ಮನಿಗೂ "ಸರಿ", ಆಫೀಸಿಗೂ "ಸರಿ". ಆದರೆ ಅದು ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದ ನಿನಗೆ ಹೇಗೆ ಗೊತ್ತಾಗಬೇಕಿತ್ತು?

ಅದಕ್ಕೇ ಹೇಳುತ್ತೇನೆ, ಮೆಸೇಜ್ ಚಿಕ್ಕದಾಯಿತು, ತಡವಾಯಿತು ಅಂತ ಯಾರನ್ನೂ ಅಳೆಯಬೇಡ. ಅವರು ಉಳಿದವರಿಗೆ ಹೇಗೆ ಬರೆಯುತ್ತಾರೆ, ನಿನಗೆ ಹೇಗೆ ಬರೆಯುತ್ತಾರೆ, ಅದನ್ನು ಪಕ್ಕಪಕ್ಕ ಇಟ್ಟು ನೋಡು. ಈ ಹುಡುಗ ನಿಮ್ಮ ಗ್ರೂಪ್‌ನಲ್ಲಿ ಪ್ಯಾರಾಗಟ್ಟಲೆ ಬರೀತಾನೆ ಅಂತ ನೀನೇ ಹೇಳಿದ್ದೆ. ಬರೆಯೋಕೆ ಬೇಜಾರು ಅನ್ನುವವನಲ್ಲ.

ನಿನ್ನ ವಾದ ನನಗೆ ಅರ್ಥವಾಗುತ್ತದೆ. ಒಂದೇ ನಿಮಿಷಕ್ಕೆ ರಿಪ್ಲೈ ಬರುತ್ತದೆ, ಎಲ್ಲದಕ್ಕೂ ಹಾರ್ಟ್. ಇಷ್ಟ ಇಲ್ಲದವರು ಹಾಗೆ ಮಾಡ್ತಾರಾ ಅಂತ. ಆದರೆ ಇಂಟರ್ವ್ಯೂ ದಿನದ್ದು ತೆಗೆದು ನೋಡು. ಮೊದಲ ಪ್ರಶ್ನೆಗೇ ಬಾಯಿ ಒಣಗಿತು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ ಅಂತ 8 ಸಾಲು ಬರೆದಿದ್ದೀಯ. ಅದಕ್ಕೂ ತಕ್ಷಣ ಒಂದು ಹಾರ್ಟ್ ಬಿದ್ದಿದೆ. ಅಷ್ಟೇ. ಮಾರನೇ ದಿನ ಗುಡ್ ಮಾರ್ನಿಂಗ್ ಹೇಳಿದವಳು ಮತ್ತೆ ನೀನೇ. ಇಂಟರ್ವ್ಯೂ ಮಾತು ಆಮೇಲೆ ಎಲ್ಲೂ ಬರಲೇ ಇಲ್ಲ. ಮೆಸೇಜನ್ನು ಒತ್ತಿ ಹಿಡಿದು ಹಾರ್ಟ್ ಒತ್ತೋಕೆ ಅದನ್ನು ಓದಲೇಬೇಕು ಅಂತಿಲ್ಲ ಪುಟ್ಟಿ. ಅವನು ಸಂಜೆ ತಡವಾಗಿ, "ಈಗ ಹೇಗಿದ್ದೀಯಾ, ಯಾವ ಪ್ರಶ್ನೆ ಕೇಳಿದ್ರು?" ಅಂದಿದ್ದರೆ ಆ ತಡಕ್ಕೆ ನಾನು ಬೇರೆ ಅರ್ಥ ಕೊಡುತ್ತಿದ್ದೆ.

ನೀನು ತೋರಿಸಿದ 3 ವಾರದಲ್ಲಿ ಮಾತು ಶುರುಮಾಡಿದ್ದು ಹೆಚ್ಚುಕಡಿಮೆ ದಿನಾ ನೀನೇ. ಅವನು ಶುರುಮಾಡಿದ್ದು 3 ಸಲ, ಅದರಲ್ಲಿ 2 ಸಲ ನೋಟ್ಸ್ ಬೇಕಿತ್ತು. ನಿನ್ನ ಪ್ರಶ್ನೆಗಳಿಗೆ ಉತ್ತರ ಇದೆ, ತಿರುಗಿ "ನೀನು?" ಅಂತ ಕೇಳಿದ್ದು ನನಗೆ ಕಾಣಲಿಲ್ಲ. ನಿಮಿಷ ಎಣಿಸುವುದಕ್ಕಿಂತ ಇದನ್ನು ನೋಡು.

ಮತ್ತೆ ಆ ನೀಲಿ ಟಿಕ್. ರಾತ್ರಿ 2 ಗಂಟೆಗೆ ಎದ್ದು ಅದನ್ನೇ ನೋಡುತ್ತೀಯ. ವಾಟ್ಸಾಪ್‌ನಲ್ಲಿ ಅದನ್ನು ಆಫ್ ಮಾಡಿ ಇಡಬಹುದು. ಟಿಕ್ ನೀಲಿಯಾಗದಂತೆ ನೋಟಿಫಿಕೇಶನ್‌ನಲ್ಲೇ ಓದಿಬಿಡಬಹುದು. ಎರಡು ಬೂದು ಟಿಕ್ ಅಂದರೆ ಮೆಸೇಜ್ ಫೋನಿಗೆ ತಲುಪಿದೆ ಅಂತ ಮಾತ್ರ. ಇಷ್ಟು ಸಣ್ಣ ಗುರುತಿನ ಮೇಲೆ ನಿನ್ನ ನಿದ್ದೆ ನಿಲ್ಲಬಾರದು. ಊಟ ಬಿಡಬಾರದು. ಓದು ಬಿಡಬಾರದು. ಇರಲಿ, ಬೈಯೋಕೆ ಅಂತ ಬರೆಯಲು ಕೂತಿದ್ದಲ್ಲ.

ನಾನು ಪೂರ್ತಿ ತಪ್ಪಿರಬಹುದು. ಗ್ರೂಪ್‌ನಲ್ಲಿ ಮಾತಾಡಿ, ಇಷ್ಟ ಇರುವವರ ಎದುರು ಮಾತ್ರ ಬಾಯಿ ಕಟ್ಟುವವರೂ ಇರುತ್ತಾರೆ. ಅದಕ್ಕೆ ಮೆಸೇಜ್ ನಿಲ್ಲಿಸಿ ಅವನನ್ನು ಪರೀಕ್ಷೆ ಮಾಡಬೇಡ. ಅವನು ಸುಮ್ಮನಿದ್ದರೆ ಆ ಮೌನವನ್ನೂ ಕೂತು ಅಳೆಯುತ್ತೀಯ. ದಿನ, ಹೊತ್ತು ಹೇಳಿ "ಸಿಗೋಣವಾ?" ಅಂತ ಕೇಳು. "ಅವತ್ತು ಆಗಲ್ಲ, ಭಾನುವಾರ ಆಗುತ್ತಾ?" ಅಂದರೆ ಒಂದು ಅರ್ಥ. "ಅಯ್ಯೋ ಬ್ಯುಸಿ" ಅಂದು ಬೇರೆ ದಿನ ಹೇಳದೆ ಬಿಟ್ಟರೆ, ಎರಡು ಸಲವೂ ಹಾಗೇ ಆದರೆ, ಇನ್ನೊಂದು ಅರ್ಥ. ಹಾಗೆ ಕೇಳುವ ಧೈರ್ಯ ನಿನಗಿದೆ. ಇಷ್ಟ ಆದವರಿಗೆ ಮನಸ್ಸು ಬಿಚ್ಚಿ 8 ಸಾಲು ಬರೆಯುವವಳು ನೀನು. ನನಗೆ ಯಾವತ್ತೂ ಆಗದಿದ್ದದ್ದು ಅದು. ದಯವಿಟ್ಟು ಅದನ್ನು ಬಿಡಬೇಡ.

ಬಲಗಡೆ ಹಲ್ಲಿನ ಕ್ಯಾಪ್ ಅಲ್ಲಾಡ್ತಿದೆ ಅಂದಿದ್ದೆ. ತೋರಿಸಿದೆಯಾ? ಸಿಟ್ಟು ಇನ್ನೂ ಇದ್ದರೆ ಇದಕ್ಕೆ "ಸರಿ" ಅಂತ ಒಂದೇ ಪದ ಬರೆದರೂ ಸಾಕು.

ಅಪ್ಪ